ಡ್ರಾಫ್ಟಿನ ಮೇಲೆ ಯಾರ ಹೆಸ್ರ್?

ನಮ್ಮ ವಂಡ್ಸೆ ಬದಿಯ ಗಲ್ಫ್ ಕಥೆ ಹೇಳೂಕೆ ಕೂತ್ರೆ ಎಲ್ರೂ ಅತ್ತರು, ಟೇಪ್ ರೆಕಾರ್ಡರ್, ಹೊಸ ತಾರಸಿ ಮನಿ ಅಂದೇಳಿ ಶುರು ಮಾಡ್ತ್ರ್. ನಂಗೆ ಮಾತ್ರ ನೆನಪಾಪ್ದು ಒಂದು ಕಾಗ್ದದ ತುಂಡು, ಡಿಮಾಂಡ್ ಡ್ರಾಫ್ಟ್.

ಎಂಬತ್ತರ ದಶಕದಲ್ಲಿ ದೊಡ್ಡಣ್ಣ ದುಬೈಗೆ ಹೋದ. ಸಂಬಳ ಆದ ಕೂಡ್ಲೆ ಎಕ್ಸ್‌ಚೇಂಜಿಗೆ ಹೋಗಿ ದಿರ್ಹಮ್ ಕೊಟ್ಟು, ಊರಿನ ಬ್ಯಾಂಕಲ್ಲಿ ಸಿಗುವ ಹಾಗೆ ರೂಪಾಯಿ ಡ್ರಾಫ್ಟ್ ಮಾಡ್ಸುದು. ಮತ್ತೆ ಅದನ್ನ ರಿಜಿಸ್ಟರ್ ಪೋಸ್ಟಿಗೆ ಹಾಕುದು, ಇಲ್ಲ ಊರಿಗೆ ಬಪ್ಪವ್ರ ಕೈಯಲ್ಲಿ ಕಳ್ಸುದು. ದರ ಅವತ್ತೇ ಗಟ್ಟಿ; ಮತ್ತೆ ಏರಿದ್ರೂ ಇಳಿದ್ರೂ ಕಾಗ್ದದಲ್ಲಿ ಬರ್ದಷ್ಟೇ ಸಿಕ್ಕುದ್. ಅದ್ರ ಬಿಸಿ ತಾಗಿದ್ದು 1991ರಲ್ಲಿ. ಜುಲೈ ಮೊದಲ ವಾರ ಸರ್ಕಾರ ಎರಡು ಸಲ ರೂಪಾಯಿ ಬೆಲೆ ಇಳಿಸ್ತು. ಸಾವಿರ ದಿರ್ಹಮಿಗೆ ಸುಮಾರು 5,700 ರೂಪಾಯಿ ಇದ್ದದ್ದು 7,000ದ ಹತ್ರ ಹೋಯ್ತ್. ಅಣ್ಣ ಡ್ರಾಫ್ಟ್ ಮಾಡ್ಸಿದ್ದು ಜೂನ್ ಕೊನೆಗೆ, ಆಚೆಮನಿಯವ್ರ ಮಗ ಒಂದು ವಾರ ತಡ ಮಾಡಿದ. ಬೆವರು ಒಂದೇ, ಸಾವಿರಕ್ಕೆ 1,200 ರೂಪಾಯಿಗೂ ಮೇಲೆ ಫರಕು!

ಡ್ರಾಫ್ಟ್ ಬತ್ತಿದ್ದದ್ದು ಅಪ್ಪಯ್ಯನ ಹೆಸ್ರಿಗೆ. ಅತ್ತಿಗೆಗೆ ಖಾತೆಯೇ ಇರ್ಲಿಲ್ಲ. ಮಗನ ಶಾಲೆ ಚಡ್ಡಿಗೂ ಮಾವಯ್ಯನ ಹತ್ರ ಕೇಳ್ಕ್. ಅಪ್ಪಯ್ಯ ಕೆಟ್ಟವ್ರಲ್ಲ, ಕೇಳಿದ್ರೆ ಕೊಡ್ತಿದ್ರ್. ಆದ್ರೆ ಗಂಡ ದುಡ್ದ ದುಡ್ಡಿಗೆ ಕೈ ಒಡ್ಡಿ ನಿಂತ್ಕಣ್ಕಲ್ದಾ?

ಅಪ್ಪಯ್ಯ ಹೋದ ಮೇಲೆ ಅತ್ತಿಗೆ ಖಾತೆ ಮಾಡ್ಸಿದ್ರ್, ತವರಿನ ಇನಿಷಿಯಲ್ ಇಪ್ಪ ಶಾಲೆ ಸರ್ಟಿಫಿಕೇಟ್ ಹೆಸ್ರಲ್ಲಿ. ಅಣ್ಣ ಡ್ರಾಫ್ಟಲ್ಲಿ ಬರ್ಸಿದ್ದು ಗಂಡನ ಮನಿ ಹೆಸ್ರ್. ಅಡ್ಡಗೀಟು ಎಳೆದ ಡ್ರಾಫ್ಟ್ ಖಾತೆಗೇ ಜಮೆ ಆಯ್ಕ್, ನಗದು ಕೊಡೂಕಿಲ್ಲೆ. ಹೆಸ್ರ್ ಬೇರೆ ಅಂದೇಳಿ ವಾಪಾಸ್ ಬಂತ್. ಅದು ಮತ್ತೆ ದುಬೈಗೆ ಹೋಗಿ, ತಿದ್ದಿಸ್ಕಂಡು ಬಪ್ಪತಿಗೆ ಎರಡು ತಿಂಗಳು. ಅಷ್ಟ್ರೊಳಗೆ ಅತ್ತಿಗೆಯ ಬಳೆ ಅಡವಿಗೆ ಹೋಗಿತ್ತು. ಮತ್ತಿಂದ ಅವ್ರ್ ಕಾಗ್ದ ಬರೆದಾಗೆಲ್ಲ ಪಾಸ್‌ಬುಕ್ಕಿನ ಹೆಸ್ರನ್ನ ದೊಡ್ಡಕ್ಷರದಲ್ಲಿ ಮೊದಲ ಸಾಲಿಗೇ ಬರೀತಿದ್ರ್, ಕ್ಷೇಮ ಸಮಾಚಾರ ಎರಡ್ನೇದು.

ಈಗ ಅಣ್ಣನ ಮಗ ಅಲ್ಲಿದ್ದ. ದುಡ್ಡು ಫೋನಲ್ಲೇ ಅತ್ತಿಗೆ ಖಾತೆಗೆ ಬೀಳ್ತ್. ಎಷ್ಟು ಬಂತ್ ಅಂದೇಳಿ ಮನಿಯಲ್ಲಿ ಬೇರೆ ಯಾರಿಗೂ ತಿಳುದಿಲ್ಲೆ, ಕೇಳೂಕೂ ಧೈರ್ಯ ಇಲ್ಲೆ!

2022ರ ನವೆಂಬರಲ್ಲಿ ಒಂದೇ ಹೆಸ್ರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದಲ್ಲಿ ಬಿಡೂದಿಲ್ಲ ಅಂತ ಯುಎಇ ಹೇಳ್ತು. ತಂದೆ ಹೆಸ್ರೋ ಮನೆತನದ ಹೆಸ್ರೋ ಎರಡನೇ ಪುಟದಲ್ಲಿದ್ರೆ ಅಡ್ಡಿಲ್ಲ ಅಂತ ಮತ್ತೆ ಸಡಿಲ ಮಾಡಿದ್ರೂ ಅತ್ತಿಗೆ ನಂಬ್ಲಿಲ್ಲ. ಪಾಸ್‌ಪೋರ್ಟನ್ನೇ ಹೊಸತು ಮಾಡ್ಸಿ ತವರಿನ ಹೆಸ್ರ್ ಸೇರಿಸ್ಕಂಡ್ರ್.

ದುಬೈಯಲ್ಲೇ ಹುಟ್ಟಿದ ಮೊಮ್ಮಗಳಿಗೆ ನಮ್ಮ ಭಾಷೆ ಅರ್ಥ ಆತ್ತ್, ಉತ್ತರ ಮಾತ್ರ ಹಿಂದಿಯಲ್ಲಿ. ಪಾಸ್‌ಪೋರ್ಟ್ ಕಂಡು ಅಜ್ಜಿ ಹೆಸ್ರ್ ನಮ್ದರ ಹಾಗೆ ಯಾಕಿಲ್ಲ ಅಂದೇಳಿ ಕೇಳ್ತಂಬ್ರ್.

"ಬ್ಯಾಂಕಲ್ಲಿಪ್ದು ಇದೇ ಮಗಾ" ಅಂದ್ರ್ ಅತ್ತಿಗೆ.