IRI ಯಾವ ದೇಶ?

ಜಮಖಂಡಿ, ಮುಧೋಳದ ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನರನ್ನು ಊರ ಹೆಸರಿನಿಂದಲೇ ಕೂಗಿ ಕರೆಯುತ್ತಾರೆ. ಮ್ಯಾಟ್ ಕುಸ್ತಿಯಲ್ಲಿ ಆ ಕೆಲಸ ಸಿಂಗ್ಲೆಟ್ ಬೆನ್ನಿನ ಮೂರಕ್ಷರದ್ದು. 2020ರ ಫೆಬ್ರುವರಿಯಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನ 55 ಕೆ.ಜಿ. ಗ್ರೀಕೊ-ರೋಮನ್ ಸೆಮಿಫೈನಲ್‌ನಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ IND, ಎದುರಾಳಿ IRI. ಅಲ್ಲಿ ಸೋತ ಅರ್ಜುನ ಆಮೇಲೆ KOR, ಅಂದರೆ ದಕ್ಷಿಣ ಕೊರಿಯಾದ ಪೈಲ್ವಾನನನ್ನು ಸೋಲಿಸಿ ಕಂಚು ಗೆದ್ದರು.

IRI ಕಂಡ ಕೂಡಲೇ ಇರಾಕ್ ಅನ್ನುವವರುಂಟು. ಅದು ಇರಾನ್: ‘ಇಸ್ಲಾಮಿಕ್ ರಿಪಬ್ಲಿಕ್ ಆಫ್ ಇರಾನ್’ ಎಂಬ ಪೂರ್ಣ ಹೆಸರಿನ ಮೊದಲಕ್ಷರಗಳು. ಇರಾಕ್ ಆದರೆ IRQ. ಕೊನೆಯ ಅಕ್ಷರ ನೋಡಿದರೆ ಸಾಕು. ತೊಡಕೆಂದರೆ, ಇದೇ ಇರಾನ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ IRN ಆಗುತ್ತದೆ. ಒಲಿಂಪಿಕ್ ಸಮಿತಿಯ ಪಟ್ಟಿ ಬೇರೆ, ಫಿಫಾ ಪಟ್ಟಿ ಬೇರೆ. ಕುಸ್ತಿ ಒಲಿಂಪಿಕ್ ಪಟ್ಟಿಯನ್ನೇ ಹಿಡಿಯುತ್ತದೆ. ಮಂಗೋಲಿಯಾಕ್ಕೂ ಹೀಗೇ: ಮ್ಯಾಟ್ ಮೇಲೆ MGL, ಫುಟ್‌ಬಾಲ್‌ನಲ್ಲಿ MNG.

ಇಂಗ್ಲಿಷ್ ಹೆಸರಿಗೆ ಜೋತುಬಿದ್ದರೂ ಕೆಲವೊಮ್ಮೆ ಎಡವುತ್ತೇವೆ. SUI ಸ್ವಿಟ್ಜರ್ಲೆಂಡ್, ESP ಸ್ಪೇನ್. ಒಂದು ಫ್ರೆಂಚ್ ಹೆಸರಿನದು, ಇನ್ನೊಂದು ಸ್ಪ್ಯಾನಿಷ್‌ನದು. ಪದಕಪಟ್ಟಿಯಲ್ಲಿ PRK ಕಂಡರೆ ಪಾಕಿಸ್ತಾನವೆನ್ನಬೇಡಿ, ಅದು ಉತ್ತರ ಕೊರಿಯಾ. ಪಾಕಿಸ್ತಾನ PAK.