ಚೀಟಿಯಲ್ಲಿ ನನ್ನದೇ ಹೆಸರು: ಒಂದು ಹಳೆಯ ಲೆಕ್ಕದ ಕಥೆ

ಈದ್ ಮಿಲನ್ ಕಾರ್ಯಕ್ರಮಕ್ಕೆಂದು ನಾವು ಆರು ಮಂದಿ ಶಿಕ್ಷಕರು ಗುಟ್ಟಾಗಿ ಉಡುಗೊರೆ ಕೊಡುವ ಒಂದು ಯೋಜನೆ ಹಾಕಿಕೊಂಡೆವು. ಆರು ಚೀಟಿಗಳಲ್ಲಿ ಆರು ಹೆಸರು ಬರೆದು ಡಬ್ಬಿಗೆ ಹಾಕುವುದು, ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತುವುದು, ಯಾರ ಹೆಸರು ಬಂದಿದೆಯೋ ಅವರಿಗೆ ತಿಳಿಯದಂತೆ ಉಡುಗೊರೆ ತರುವುದು. ತನ್ನ ಹೆಸರು ತನಗೇ ಬಂದರೆ ಚೀಟಿ ವಾಪಸು ಹಾಕಿ ಇನ್ನೊಂದು ಎತ್ತಬೇಕು ಎಂಬ ನಿಯಮವೂ ಇತ್ತು. ಐದು ಜನ ಎತ್ತಿ ಮುಗಿಸಿದರು. ಆರನೆಯವನು ನಾನು. ಡಬ್ಬಿಯಲ್ಲಿ ಉಳಿದಿದ್ದ ಒಂದೇ ಚೀಟಿಯಲ್ಲಿ ನನ್ನದೇ ಹೆಸರಿತ್ತು. ವಾಪಸು ಹಾಕಿ ಮತ್ತೆ ಎತ್ತಿದರೂ ಬರುವುದು ಅದೇ ಚೀಟಿ. ಎಲ್ಲರೂ ನಕ್ಕರು. ಪಕ್ಕದವರೊಡನೆ ಚೀಟಿ ಬದಲಾಯಿಸಿಕೊಂಡೆ. ಆದರೆ ಆಗ ಅವರಿಗೆ ನನ್ನ ಹೆಸರು ಹೋಯಿತೆಂದು ನನಗೆ ಗೊತ್ತಾಯಿತು, ನನಗೆ ಯಾರು ಬಂದರೆಂದು ಅವರಿಗೆ ಗೊತ್ತಾಯಿತು. ಗುಟ್ಟು ಅಲ್ಲಿಗೇ ಮುಗಿಯಿತು.

ಇದು ನನ್ನ ನಸೀಬು ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಗಣಿತಜ್ಞರು ಪತ್ರಗಳಲ್ಲಿ ಚರ್ಚಿಸಿದ್ದರೆಂದು ಓದಿದ ಮೇಲೆ ಅದನ್ನು ನಮ್ಮ ವಿದ್ಯಾರ್ಥಿಗಳಿಗೂ ಹೇಳಬೇಕೆನಿಸಿತು.

ಮೊದಲಿಗೆ ಒಂದು ಮಾತು. ಅಕ್ಷರಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಲೆಕ್ಕ ಅರಬ್ ವಿದ್ವಾಂಸರಿಗೆ ಬಹಳ ಹಿಂದೆಯೇ ಪರಿಚಿತವಾಗಿತ್ತು. ಎಂಟನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ಖಲೀಲ್ ಇಬ್ನ್ ಅಹ್ಮದ್ ಅರಬಿ ನಿಘಂಟನ್ನು ರೂಪಿಸುವಾಗ ಮೂಲಾಕ್ಷರಗಳನ್ನು ಅದಲುಬದಲು ಮಾಡಿ ಪದಗಳನ್ನು ಹುಡುಕುವ ಕ್ರಮವನ್ನು ಅನುಸರಿಸಿದರು. ಮರಾಕೇಶದ ಇಬ್ನ್ ಮುನ್‌ಇಮ್ (ಮರಣ 1228) ಅಂಥ ಎಣಿಕೆಗೆ ಗಣಿತದ ನಿಯಮಗಳನ್ನೇ ಬರೆದರು. ಇದು ನಾವು ಹೆಮ್ಮೆಪಡುವ ಸಂಗತಿ. ಆದರೆ ‘ಯಾರಿಗೂ ತನ್ನದೇ ಚೀಟಿ ಬರಬಾರದು’ ಎಂಬ ನಿರ್ದಿಷ್ಟ ಪ್ರಶ್ನೆ ಅವರದಲ್ಲ. ಎಲ್ಲವನ್ನೂ ನಮ್ಮ ಹಿರಿಯರೇ ಕಂಡುಹಿಡಿದರೆಂದು ಭಾಷಣ ಮಾಡುವ ಚಟ ನಮ್ಮಲ್ಲಿ ಕೆಲವರಿಗಿದೆ. ಅವರು ಮಾಡಿದ ನಿಜವಾದ ಕೆಲಸಕ್ಕೆ ಅದರಿಂದ ಅನ್ಯಾಯವೇ ಆಗುತ್ತದೆ.

ಈ ಪ್ರಶ್ನೆ ಹುಟ್ಟಿದ್ದು ಫ್ರಾನ್ಸಿನ ಜೂಜಿನ ಮೇಜಿನ ಮೇಲೆ. ಪಿಯರ್ ರೇಮೋಂ ದ ಮೊಂಮೋರ್ (1678–1719) ಎಂಬ ಶ್ರೀಮಂತ ಗಣಿತಜ್ಞ 1708ರಲ್ಲಿ ಅದೃಷ್ಟದಾಟಗಳ ಲೆಕ್ಕವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ‘ಹದಿಮೂರು’ ಎಂಬ ಹೆಸರಿನ ಇಸ್ಪೀಟ್ ಆಟವಿದೆ. ಲೆಕ್ಕ ಸರಳವಾಗಲೆಂದು ಹದಿಮೂರೇ ಎಲೆಗಳನ್ನು ತೆಗೆದುಕೊಳ್ಳೋಣ. ಅವುಗಳನ್ನು ಕಲಸಿ, ‘ಒಂದು, ಎರಡು, ಮೂರು’ ಎಂದು ಕೂಗುತ್ತಾ ಒಂದೊಂದೇ ಎಲೆ ತಿರುಗಿಸಬೇಕು. ಕೂಗಿದ ಸಂಖ್ಯೆಯೂ ತಿರುಗಿದ ಎಲೆಯೂ ಒಮ್ಮೆಯಾದರೂ ಹೊಂದಿದರೆ ಎಲೆ ತಿರುಗಿಸುವವನಿಗೆ ಗೆಲುವು, ಒಮ್ಮೆಯೂ ಹೊಂದದಿದ್ದರೆ ಸೋಲು. ಕೂಗುವ ಸಂಖ್ಯೆಯ ಜಾಗದಲ್ಲಿ ಶಿಕ್ಷಕರನ್ನೂ ಎಲೆಯ ಜಾಗದಲ್ಲಿ ಚೀಟಿಯನ್ನೂ ಇಟ್ಟು ನೋಡಿ, ಅದು ನಮ್ಮ ಡಬ್ಬಿಯ ಲೆಕ್ಕವೇ. ಜೂಜು ನಮಗೆ ಹರಾಮ್, ಚೀಟಿ ಎತ್ತಿ ನಿರ್ಧರಿಸುವ ಖುರಾ ಜಾಯಿಜ್. ಆದರೆ ಎರಡರ ಹಿಂದಿನ ಗಣಿತ ಒಂದೇ.

ಮೊಂಮೋರ್‌ನ ಪುಸ್ತಕದ ಎರಡನೆಯ ಆವೃತ್ತಿ 1713ರಲ್ಲಿ ಬಂತು. ಅದರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ನಿಕೊಲಾಸ್ ಬರ್ನೌಲಿಯೊಡನೆ ನಡೆದ ಪತ್ರವ್ಯವಹಾರವೂ ಅಚ್ಚಾಗಿದೆ. ‘ಹದಿಮೂರು’ ಆಟಕ್ಕೆ ಬರ್ನೌಲಿ ಕೊಟ್ಟ ಸಾಧನೆಯ ತಿರುಳನ್ನು ನಾಲ್ಕು ಜನರ ಚಿಕ್ಕ ಉದಾಹರಣೆಯಲ್ಲಿ ನೋಡಬಹುದು. ನಾಲ್ಕು ಚೀಟಿಗಳನ್ನು ನಾಲ್ಕು ಜನರಿಗೆ ಹಂಚುವ ಬಗೆಗಳು ಒಟ್ಟು 24. ಇವುಗಳಲ್ಲಿ ಮೊದಲನೆಯವರಿಗೆ ತಮ್ಮದೇ ಚೀಟಿ ಬರುವ ಬಗೆಗಳು 6, ಎರಡನೆಯವರಿಗೆ 6, ಹೀಗೆ ನಾಲ್ವರಿಗೂ ಸೇರಿ 24. ಒಟ್ಟಿನಿಂದ ಇದನ್ನು ಕಳೆದರೆ ಸೊನ್ನೆ ಉಳಿಯುತ್ತದೆ! ತಪ್ಪು ಎಲ್ಲಿದೆಯೆಂದರೆ, ಇಬ್ಬರಿಗೆ ಒಟ್ಟಿಗೇ ತಮ್ಮ ಚೀಟಿ ಬಂದ ಹಂಚಿಕೆಗಳನ್ನು ನಾವು ಎರಡೆರಡು ಸಲ ಕಳೆದುಬಿಟ್ಟಿದ್ದೇವೆ. ಆದ್ದರಿಂದ ಅವನ್ನು ಮರಳಿ ಕೂಡಬೇಕು. ನಾಲ್ವರಲ್ಲಿ ಜೋಡಿಗಳು 6, ಪ್ರತಿ ಜೋಡಿಗೆ 2 ಹಂಚಿಕೆ, ಒಟ್ಟು 12. ಈಗ ಮೂವರಿಗೆ ಬಂದವುಗಳಲ್ಲಿ ಕೂಡಿದ್ದು ಹೆಚ್ಚಾಯಿತು, ಹಾಗಾಗಿ 4 ಕಳೆಯಬೇಕು. ಕೊನೆಗೆ ನಾಲ್ವರಿಗೂ ತಮ್ಮದೇ ಬಂದ 1ನ್ನು ಕೂಡಬೇಕು. 24 – 24 + 12 – 4 + 1 = 9. ವಿದ್ಯಾರ್ಥಿಗಳು ಒಂದು ಹಾಳೆಯ ಮೇಲೆ 24 ಹಂಚಿಕೆಗಳನ್ನೂ ಬರೆದು ಎಣಿಸಿದರೆ ಯಾರಿಗೂ ತಮ್ಮ ಚೀಟಿ ಬಾರದವು ಸರಿಯಾಗಿ ಒಂಬತ್ತೇ ಸಿಗುತ್ತವೆ. ಇಂಥ ಹಂಚಿಕೆಗೆ ಇಂದಿನ ಗಣಿತದಲ್ಲಿ ‘ಡಿರೇಂಜ್‌ಮೆಂಟ್’ ಎನ್ನುತ್ತಾರೆ.

ಮುಂದೆ ಇದನ್ನು ಕೈಗೆತ್ತಿಕೊಂಡವರು ಬಾಸೆಲ್‌ನಲ್ಲೇ ಹುಟ್ಟಿದ ಲಿಯೊನಾರ್ಡ್ ಆಯ್ಲರ್ (1707–1783). ಬರ್ಲಿನ್ ಅಕಾಡೆಮಿಯಲ್ಲಿದ್ದಾಗ 1751ರಲ್ಲಿ ಅವರು ‘ರೆಂಕೋಂತ್ರ್’ ಅಂದರೆ ‘ಸಂಧಿಸುವಿಕೆ’ ಎಂಬ ಆಟದ ಬಗ್ಗೆ ಪ್ರಬಂಧ ಬರೆದರು, ಅದು 1753ರಲ್ಲಿ ಅಚ್ಚಾಯಿತು. ಇಬ್ಬರ ಕೈಯಲ್ಲೂ ಒಂದೊಂದು ಇಸ್ಪೀಟ್ ಕಟ್ಟು. ಇಬ್ಬರೂ ಒಟ್ಟಿಗೆ ಒಂದೊಂದೇ ಎಲೆ ತಿರುಗಿಸುತ್ತಾರೆ. ಒಮ್ಮೆಯಾದರೂ ಎರಡೂ ಎಲೆ ಒಂದೇ ಆದರೆ ಮೊದಲನೆಯವನು ಗೆದ್ದಂತೆ. ಆಯ್ಲರ್ ತೋರಿಸಿದ ಉತ್ತರ ಮೊದಲ ಬಾರಿ ಕೇಳಿದವರಿಗೆ ನಂಬಲು ಕಷ್ಟ. ಎಲೆಗಳು ಹೆಚ್ಚಾದಂತೆ ಸಂಭವನೀಯತೆ ಬದಲಾಗುತ್ತಾ ಹೋಗದೆ ಒಂದೇ ಕಡೆ ನಿಂತುಬಿಡುತ್ತದೆ. ಒಂದೂ ಹೊಂದದಿರುವ ಸಂಭವ ನಾಲ್ಕು ಎಲೆಗೆ 0.375, ಐದಕ್ಕೆ 0.367, ಆರಕ್ಕೆ 0.368. ನಂತರ ಹದಿಮೂರಾಗಲಿ, ಐವತ್ತೆರಡಾಗಲಿ, ಸಾವಿರವಾಗಲಿ, ಅದು 0.3679ರ ಹತ್ತಿರವೇ ಇರುತ್ತದೆ. 1ನ್ನು 2.718 ರಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಆ 2.718 ಎಂಬುದು ಗಣಿತದಲ್ಲಿ ಇಂದು e ಎಂದು ಬರೆಯುವ ಸಂಖ್ಯೆ.

ಹಾಗಾದರೆ ಆರು ಜನ ಸುಮ್ಮನೆ ಒಂದೊಂದು ಚೀಟಿ ಎತ್ತಿದರೆ ಯಾರಾದರೊಬ್ಬರಿಗೆ ತಮ್ಮ ಹೆಸರು ಬರುವ ಸಂಭವ ನೂರಕ್ಕೆ ಅರವತ್ತಮೂರು. ಆರು ಮಂದಿಯ ಬದಲು ಇಡೀ ಸಂಸ್ಥೆಯ ಸದಸ್ಯರೆಲ್ಲ ಸೇರಿದರೂ ಅಷ್ಟೇ. ಹೆಚ್ಚು ಜನರಿದ್ದರೆ ಅಡಚಣೆ ಕಡಿಮೆಯಾಗುತ್ತದೆ ಎಂದು ನಾನೂ ಭಾವಿಸಿದ್ದೆ. ಜನ ಹೆಚ್ಚಾದಂತೆ ಒಬ್ಬೊಬ್ಬರಿಗೆ ತಮ್ಮ ಚೀಟಿ ಬರುವ ಸಂಭವವೇನೋ ಇಳಿಯುತ್ತದೆ, ಆದರೆ ಹಾಗಾಗಬಹುದಾದ ಜನರ ಸಂಖ್ಯೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ.

ಆಯ್ಲರ್ ಮತ್ತೊಮ್ಮೆ ಈ ವಿಷಯಕ್ಕೆ ಮರಳಿದ್ದು 1779ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಆಗ ಅವರ ಕಣ್ಣು ಬಹುತೇಕ ಹೋಗಿತ್ತು. ಆ ಪ್ರಬಂಧ ಅಚ್ಚಾದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1811ರಲ್ಲಿ. ಅದರಲ್ಲಿರುವ ಸುಲಭ ಸೂತ್ರವನ್ನು ನಮ್ಮ ಚೀಟಿಗಳ ಭಾಷೆಯಲ್ಲಿ ಹೇಳುತ್ತೇನೆ. ಆರು ಜನರಲ್ಲಿ ಮೊದಲನೆಯವರಾದ ‘ಅ’ ತಮ್ಮದಲ್ಲದ ಐದು ಹೆಸರುಗಳಲ್ಲಿ ಒಂದನ್ನು ಎತ್ತಬೇಕು. ಅದು ‘ಬ’ ಎಂದಿರಲಿ. ಈಗ ಎರಡೇ ದಾರಿ. ‘ಬ’ ಅವರಿಗೆ ‘ಅ’ ಚೀಟಿಯೇ ಬಂದರೆ ಅವರಿಬ್ಬರ ಲೆಕ್ಕ ಮುಗಿಯಿತು, ಉಳಿದ ನಾಲ್ವರು ತಮ್ಮೊಳಗೆ 9 ಬಗೆಯಲ್ಲಿ ಹಂಚಿಕೊಳ್ಳಬಹುದು. ‘ಬ’ ಅವರಿಗೆ ‘ಅ’ ಚೀಟಿ ಬಾರದಿದ್ದರೆ, ಆ ಚೀಟಿಯನ್ನು ‘ಬ’ ಅವರದೇ ಎಂದು ಭಾವಿಸಿ. ಐದು ಜನ, ಐದು ಚೀಟಿ, ಯಾರಿಗೂ ತಮ್ಮದು ಬರಬಾರದು, ಅದು 44 ಬಗೆ. ಆದ್ದರಿಂದ ಆರು ಜನರಿಗೆ 5 × (44 + 9) = 265. ಒಟ್ಟು ಹಂಚಿಕೆಗಳು 720. ಇದೇ ರೀತಿ ಏಳು ಜನರಿಗೆ 6 × (265 + 44) ಎಂದು ವಿದ್ಯಾರ್ಥಿಗಳೇ ಮುಂದುವರಿಸಬಹುದು.

ಇನ್ನು ನಮ್ಮ ನಿಯಮಕ್ಕೆ ಬರೋಣ. ‘ತನ್ನ ಹೆಸರು ಬಂದರೆ ವಾಪಸು ಹಾಕಿ ಇನ್ನೊಂದು ಎತ್ತು’ ಎಂಬುದು ನ್ಯಾಯವೆಂದೇ ಎಲ್ಲರೂ ತಿಳಿಯುತ್ತಾರೆ. ಮೂವರ ಮೇಲೆ ಪರೀಕ್ಷಿಸಿ ನೋಡೋಣ: ಅ, ಬ, ಕ. ಸರಿಯಾದ ಹಂಚಿಕೆಗಳು ಎರಡೇ. ‘ಅ’ ಮೊದಲು ಎತ್ತುತ್ತಾರೆ. ಅವರಿಗೆ ‘ಬ’ ಅಥವಾ ‘ಕ’ ಬರುವ ಸಂಭವ ಅರ್ಧ-ಅರ್ಧ. ‘ಕ’ ಬಂದರೆ ಡಬ್ಬಿಯಲ್ಲಿ ಅ, ಬ ಉಳಿಯುತ್ತವೆ. ‘ಬ’ ತಮ್ಮದನ್ನು ಬಿಟ್ಟು ‘ಅ’ ಎತ್ತಲೇಬೇಕು, ‘ಕ’ ಅವರಿಗೆ ‘ಬ’ ಸಿಗುತ್ತದೆ. ಎಲ್ಲವೂ ಸರಿ. ಆದರೆ ಮೊದಲು ‘ಬ’ ಬಂದಿದ್ದರೆ ಡಬ್ಬಿಯಲ್ಲಿ ಅ, ಕ ಇರುತ್ತವೆ. ಎರಡನೆಯವರು ‘ಅ’ ಎತ್ತಿದರೆ ಕೊನೆಯವರಿಗೆ ಅವರದೇ ಹೆಸರು ಉಳಿಯುತ್ತದೆ, ಅಂದರೆ ನನ್ನ ಗತಿ. ನಾಲ್ಕರಲ್ಲಿ ಒಮ್ಮೆ ಹೀಗಾಗುತ್ತದೆ. ಅಷ್ಟೇ ಅಲ್ಲ, ಕೆಟ್ಟಾಗಲೆಲ್ಲ ಮತ್ತೆ ಮೊದಲಿನಿಂದ ಶುರುಮಾಡಿದರೂ ಒಂದು ಹಂಚಿಕೆ ಮೂರರಲ್ಲಿ ಎರಡು ಬಾರಿ, ಇನ್ನೊಂದು ಮೂರರಲ್ಲಿ ಒಂದು ಬಾರಿ ಬರುತ್ತದೆ. ನಿಯಮ ತಿಳಿದವರು ಯಾರು ಯಾರಿಗೆ ಕೊಡುತ್ತಾರೆಂದು ಊಹಿಸಿದರೆ ಅದು ಹೆಚ್ಚಾಗಿ ನಿಜವೇ ಆಗುತ್ತದೆ.

ನ್ಯಾಯವಾದ ದಾರಿ ಬೇಕಾದರೆ ಯಾರಿಗೂ ವಾಪಸು ಹಾಕಲು ಬಿಡಬಾರದು. ಎಲ್ಲರೂ ಎತ್ತಿಯಾದ ಮೇಲೆ ‘ಯಾರಿಗಾದರೂ ತಮ್ಮ ಹೆಸರು ಬಂದಿದೆಯೇ?’ ಎಂದು ಕೇಳಿ, ಬಂದಿದ್ದರೆ ಎಲ್ಲ ಚೀಟಿಗಳನ್ನೂ ಮತ್ತೆ ಡಬ್ಬಿಗೆ ಹಾಕಬೇಕು. ಆಗ 265 ಹಂಚಿಕೆಗಳಿಗೂ ಸಮಾನ ಅವಕಾಶ. ಇದಕ್ಕೆ ಸರಾಸರಿ ಎಷ್ಟು ಸುತ್ತು ಬೇಕು? 720ನ್ನು 265 ರಿಂದ ಭಾಗಿಸಿ: 2.717, ಅದೇ ಆಯ್ಲರ್ ಸಂಖ್ಯೆಯ ನೆರೆಮನೆ. ಆದರೆ ಸರಾಸರಿಯನ್ನು ನಂಬಿ ಕೂರುವಂತಿಲ್ಲ, ಹತ್ತರಲ್ಲಿ ಒಮ್ಮೆ ಐದು ಸುತ್ತಾದರೂ ಕೆಲಸ ಮುಗಿಯುವುದಿಲ್ಲ. ಅಷ್ಟರಲ್ಲಿ ಚಹಾ ತಣ್ಣಗಾಗಿ ಜನ ಎದ್ದು ಹೋಗಿರುತ್ತಾರೆ.

ಒಂದೇ ಸುತ್ತಿನಲ್ಲಿ ಮುಗಿಸುವ ಉಪಾಯವೂ ಇದೆ. ಆರು ಉದ್ದನೆಯ ಚೀಟಿಗಳನ್ನು ಮಾಡಿ, ಪ್ರತಿಯೊಂದರ ಮೇಲರ್ಧದಲ್ಲೂ ಕೆಳಗರ್ಧದಲ್ಲೂ ಒಂದೇ ಸಂಖ್ಯೆ ಬರೆಯಿರಿ. ಮೇಲಿನದು ‘ನೀವು ಇಷ್ಟನೆಯವರು’, ಕೆಳಗಿನದು ‘ಇಷ್ಟನೆಯವರಿಗೆ ಕೊಡಿ’ ಎಂದು ಅರ್ಥ. ಚೀಟಿಗಳನ್ನು ಮಗುಚಿ, ಕಲಸಿ, ಸಾಲಾಗಿ ಇಡಿ. ಎಲ್ಲವನ್ನೂ ನಡುವೆ ಕತ್ತರಿಸಿ, ಕೆಳಗಿನ ತುಂಡುಗಳನ್ನು ಒಂದೊಂದು ಸ್ಥಾನ ಬಲಕ್ಕೆ ಸರಿಸಿ, ಕೊನೆಯದನ್ನು ಮೊದಲಿಗೆ ತನ್ನಿ. ಮಗುಚಿದಂತೆಯೇ ಮೇಲಿನ ಮತ್ತು ಕೆಳಗಿನ ತುಂಡುಗಳನ್ನು ಜೋಡಿಯಾಗಿ ಪಿನ್ ಮಾಡಿ, ಮತ್ತೆ ಕಲಸಿ, ಒಬ್ಬೊಬ್ಬರಿಗೆ ಒಂದು ಜೋಡಿ ಕೊಡಿ. ಎಲ್ಲರೂ ಬೋರ್ಡಿನ ಮೇಲೆ ತಮ್ಮ ಮೇಲಿನ ಸಂಖ್ಯೆಯ ಎದುರು ಹೆಸರು ಬರೆಯುತ್ತಾರೆ, ಕೆಳಗಿನ ಸಂಖ್ಯೆಯನ್ನು ತಾವೊಬ್ಬರೇ ನೋಡಿಕೊಳ್ಳುತ್ತಾರೆ. ತನ್ನ ಸಂಖ್ಯೆ ತನಗೇ ಬರುವ ಪ್ರಶ್ನೆಯೇ ಇಲ್ಲ, ಏರ್ಪಾಡು ಮಾಡಿದವರಿಗೂ ಗುಟ್ಟು ತಿಳಿಯುವುದಿಲ್ಲ.

ಒಂದು ಮಿತಿ ಮಾತ್ರ ಉಂಟು. ಹೀಗೆ ಮಾಡಿದಾಗ ಆರೂ ಜನ ಒಂದೇ ದೊಡ್ಡ ಸುತ್ತಿನಲ್ಲಿ ಸೇರುತ್ತಾರೆ. ಅಂಥ ಹಂಚಿಕೆಗಳು 265ರಲ್ಲಿ 120 ಮಾತ್ರ. ಇಬ್ಬರು ಪರಸ್ಪರ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಹಂಚಿಕೆ ಇದರಲ್ಲಿ ಬರುವುದೇ ಇಲ್ಲ. ಆದರೂ ನಿಮಗೆ ಉಳಿದ ಐವರಲ್ಲಿ ಯಾರು ಬೇಕಾದರೂ ಸಮಾನ ಸಂಭವದಿಂದ ಬರಬಹುದು. ಮಾರನೆಯ ವರ್ಷ ನಾವು ಹೀಗೆಯೇ ಮಾಡಿದೆವು. ನನಗೆ ಅತ್ತರಿನ ಸೀಸೆಯೊಂದು ಬಂತು, ಯಾರು ಕೊಟ್ಟರೆಂದು ಇನ್ನೂ ತಿಳಿದಿಲ್ಲ.