ಹೆಪ್ಪುಗಟ್ಟಿದ ಮಾಂಸವನ್ನು ಫ್ರಿಜ್‌ನಲ್ಲಿ ಕರಗಿಸುವ ಕ್ರಮ: ತೂಕಕ್ಕೆ ತಕ್ಕ ಅವಧಿ

ಮನೆಯಲ್ಲಿ ಸಾಕಿದ ಕುರಿ, ಮೇಕೆ ಅಥವಾ ಕೋಳಿಯ ಮಾಂಸವನ್ನು ಹಬ್ಬ, ಜಾತ್ರೆಗಳ ನಂತರ ಫ್ರೀಜರ್‌ನಲ್ಲಿ ಇಟ್ಟುಕೊಳ್ಳುವ ರೂಢಿ ಈಗ ಹಳ್ಳಿಗಳಲ್ಲಿಯೂ ಸಾಮಾನ್ಯವಾಗಿದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗಿರುವ ತನಕ ಅದರಲ್ಲಿ ರೋಗಾಣುಗಳು ಬೆಳೆಯುವುದಿಲ್ಲ. ಆದರೆ ಅವು ಸಾಯುವುದೂ ಇಲ್ಲ. ಮಾಂಸ ಕರಗಿದೊಡನೆ ಅವು ಮತ್ತೆ ಚುರುಕಾಗುತ್ತವೆ. ಆದ್ದರಿಂದ ಸಂಗ್ರಹಿಸಿದ ಮಾಂಸ ಕೆಡುವುದೋ ಉಳಿಯುವುದೋ ಎಂಬುದು ಬಹುಮಟ್ಟಿಗೆ ಅದನ್ನು ಕರಗಿಸುವ ಹಂತದಲ್ಲಿಯೇ ತೀರ್ಮಾನವಾಗುತ್ತದೆ. ಎಷ್ಟು ತೂಕದ ಮಾಂಸವನ್ನು ಎಷ್ಟು ಹೊತ್ತು ಮುಂಚಿತವಾಗಿ ಫ್ರೀಜರ್‌ನಿಂದ ಕೆಳಗಿನ ಕಪಾಟಿಗೆ ಇಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೊರಗೆ ಇಟ್ಟು ಕರಗಿಸಬಾರದೇಕೆ?

ಮಾಂಸದ ಗಡ್ಡೆ ಹೊರಗಿನಿಂದ ಒಳಕ್ಕೆ ಕರಗುತ್ತದೆ. ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ ಮೂರು ಕಿಲೋ ತೊಡೆಯ ನಡುಭಾಗ ಬೆಳಿಗ್ಗೆ ಇನ್ನೂ ಕಲ್ಲಿನಂತಿದ್ದರೂ ಅದರ ಮೇಲ್ಪದರ ಅನೇಕ ಗಂಟೆಗಳ ಹಿಂದೆಯೇ ಕೋಣೆಯ ಉಷ್ಣತೆಗೆ ಏರಿರುತ್ತದೆ. 4ರಿಂದ 60 ಡಿಗ್ರಿ ಸೆಲ್ಸಿಯಸ್‌ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ವೇಗವಾಗಿ ವೃದ್ಧಿಯಾಗುತ್ತವೆ. ಹಸಿ ಮಾಂಸ ಈ ಉಷ್ಣತೆಯಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೇಸಿಗೆಯಲ್ಲಿ ಕೋಣೆಯ ಉಷ್ಣತೆ 32 ಡಿಗ್ರಿಯನ್ನು ಮೀರಿದಾಗ ಈ ಮಿತಿ ಒಂದೇ ಗಂಟೆ.

‘ಹೇಗಿದ್ದರೂ ಚೆನ್ನಾಗಿ ಬೇಯಿಸುತ್ತೇವಲ್ಲ’ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬೇಯಿಸಿದಾಗ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಸಾಯುತ್ತವೆ. ಆದರೆ ಸ್ಟೆಫೈಲೊಕಾಕಸ್‌ ಎಂಬ ರೋಗಾಣು ಬೆಳೆಯುವಾಗ ಬಿಡುವ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಅದನ್ನು ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು ಕಾಣಿಸಿಕೊಳ್ಳುತ್ತದೆ. ಇಂತಹ ಮಾಂಸದ ಬಣ್ಣ, ವಾಸನೆಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲದಿರಬಹುದು.

ತೂಕಕ್ಕೆ ತಕ್ಕ ಅವಧಿ

ಕಪಾಟಿನ ಉಷ್ಣತೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವ ಫ್ರಿಜ್‌ನಲ್ಲಿ ಪ್ರತಿ 2 ಕಿಲೋ ಮಾಂಸಕ್ಕೆ 24 ಗಂಟೆ ಎಂಬುದು ನೆನಪಿಡಬೇಕಾದ ಸೂತ್ರ. ತೂಕ ಎರಡು ಕಿಲೋಗಿಂತ ಕಡಿಮೆ ಇದ್ದರೂ ಒಂದು ಪೂರ್ತಿ ದಿನವನ್ನು ಮೀಸಲಿಡಬೇಕು. ಅರ್ಧ ಕಿಲೋ ಕೈಮಾ ಕೂಡ ಒಂದು ರಾತ್ರಿಯಲ್ಲಿ ಕರಗಿಯೇ ತೀರುತ್ತದೆ ಎಂದು ಹೇಳಲಾಗದು.

| ಮಾಂಸದ ಬಗೆ ಮತ್ತು ತೂಕ | ಫ್ರಿಜ್‌ನಲ್ಲಿ ಕರಗುವ ಅವಧಿ |
|---|---|
| ಕೈಮಾ ಅಥವಾ ತುಂಡು ಮಾಂಸ, ಅರ್ಧದಿಂದ 1 ಕಿಲೋ | 24 ಗಂಟೆ |
| ಇಡೀ ಕೋಳಿ, 1ರಿಂದ 2 ಕಿಲೋ | 24ರಿಂದ 48 ಗಂಟೆ |
| ಮೂಳೆಸಹಿತ ತೊಡೆ ಅಥವಾ ಮುಂಗಾಲು, 2ರಿಂದ 4 ಕಿಲೋ | 24ರಿಂದ 48 ಗಂಟೆ |
| ಒಂದೇ ಗಡ್ಡೆಯಾಗಿ ಹೆಪ್ಪುಗಟ್ಟಿದ ಮಾಂಸ, 4ರಿಂದ 6 ಕಿಲೋ | 48ರಿಂದ 72 ಗಂಟೆ |

ಇಷ್ಟು ಸಮಯ ಹಿಡಿಯಲು ಕಾರಣಗಳಿವೆ. ಮಾಂಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಆ ನೀರಿನ ಹೆಪ್ಪು ಕರಗಲು ಬಹಳಷ್ಟು ಶಾಖ ಬೇಕು. ಫ್ರಿಜ್‌ನ ಗಾಳಿ ಮಾಂಸಕ್ಕಿಂತ ಕೆಲವೇ ಡಿಗ್ರಿ ಬೆಚ್ಚಗಿರುವುದರಿಂದ ಶಾಖ ನಿಧಾನವಾಗಿ ಒಳಹೋಗುತ್ತದೆ. ಜೊತೆಗೆ, ಮೊದಲು ಕರಗಿದ ಮೇಲ್ಪದರ ಹೆಪ್ಪುಗಟ್ಟಿದ ಮಾಂಸದಷ್ಟು ಸುಲಭವಾಗಿ ಶಾಖವನ್ನು ಸಾಗಿಸುವುದಿಲ್ಲ. ಅದು ಒಳಗಿನ ಹೆಪ್ಪಿಗೆ ಕಂಬಳಿ ಹೊದಿಸಿದಂತೆ ಕೆಲಸ ಮಾಡುತ್ತದೆ. ಘನೀಕರಿಸಲು ಹಿಡಿದ ಸಮಯಕ್ಕಿಂತ ಕರಗಲು ಹೆಚ್ಚು ಸಮಯ ಹಿಡಿಯುವುದು ಇದರಿಂದಲೇ.

ತೂಕದಷ್ಟೇ ಮುಖ್ಯವಾದುದು ದಪ್ಪ

ಪಟ್ಟಿಯಲ್ಲಿ ತೂಕವನ್ನು ಕೊಟ್ಟಿರುವುದು ಲೆಕ್ಕದ ಅನುಕೂಲಕ್ಕಾಗಿ. ಶಾಖವು ಮೇಲ್ಮೈಯಿಂದ ನಡುಭಾಗಕ್ಕೆ ಸಾಗಬೇಕಾದ ದೂರವೇ ಅವಧಿಯನ್ನು ನಿರ್ಧರಿಸುತ್ತದೆ. ದಪ್ಪ ಎರಡರಷ್ಟಾದರೆ ಸಮಯ ಎರಡರಷ್ಟಲ್ಲ, ಹತ್ತಿರಹತ್ತಿರ ನಾಲ್ಕರಷ್ಟು ಆಗಬಹುದು. ಐದು ಕಿಲೋ ಮಾಂಸವನ್ನು ಒಂದೇ ಚೀಲದಲ್ಲಿ ತುಂಬಿ ಫ್ರೀಜರ್‌ಗೆ ಹಾಕಿದರೆ ಮುಂದೆ ಮೂರು ದಿನ ಕಾಯಬೇಕಾಗುತ್ತದೆ. ಅರ್ಧ ಕಿಲೋ ಮಾತ್ರ ಬೇಕಿದ್ದರೂ ಇಡೀ ಗಡ್ಡೆಯನ್ನೇ ಕರಗಿಸಬೇಕಾಗುತ್ತದೆ.

ಆದ್ದರಿಂದ ಫ್ರೀಜರ್‌ಗೆ ಹಾಕುವ ದಿನವೇ ಮಾಂಸವನ್ನು ಒಂದು ಹೊತ್ತಿಗೆ ಬೇಕಾಗುವಷ್ಟು, ಅಂದರೆ ಅರ್ಧದಿಂದ ಒಂದು ಕಿಲೋ ಪೊಟ್ಟಣಗಳಾಗಿ ಮಾಡಿಕೊಳ್ಳಬೇಕು. ಪೊಟ್ಟಣವನ್ನು ಅಂಗೈಯಿಂದ ಒತ್ತಿ 3 ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿಸಿ, ಗಾಳಿ ಹೊರಹಾಕಿ, ತೂಕ ಮತ್ತು ದಿನಾಂಕವನ್ನು ಬರೆಯಬೇಕು. ಕರಗಿಸುವಾಗ ಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಬಾರದು. ಪೇರಿಸಿದರೆ ಅವು ಮತ್ತೆ ಒಂದು ದಪ್ಪ ಗಡ್ಡೆಯಂತೆಯೇ ವರ್ತಿಸುತ್ತವೆ.

ಫ್ರಿಜ್‌ನಲ್ಲಿ ಇಡುವ ಜಾಗ

ಮೊದಲು ಫ್ರಿಜ್‌ನ ಉಷ್ಣತೆಯನ್ನು ಪರೀಕ್ಷಿಸಿಕೊಳ್ಳಿ. ನಡುವಿನ ಕಪಾಟಿನಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ಉಷ್ಣಮಾಪಕವನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಓದಬೇಕು. 4 ಡಿಗ್ರಿಗಿಂತ ಹೆಚ್ಚಿದ್ದರೆ ಗುಂಡಿಯನ್ನು ತಿರುಗಿಸಿ ತಂಪನ್ನು ಹೆಚ್ಚಿಸಿ, ಮರುದಿನ ಮತ್ತೆ ನೋಡಬೇಕು.

ಮಾಂಸವನ್ನು ಚೀಲದಿಂದ ಬಿಚ್ಚದೆ, ಅಂಚು ಎತ್ತರವಿರುವ ತಟ್ಟೆ ಅಥವಾ ಪಾತ್ರೆಯಲ್ಲಿಟ್ಟು ಕೆಳಗಿನ ಕಪಾಟಿನಲ್ಲಿ ಇರಿಸಬೇಕು. ಒಂದು ಬಾಗಿಲಿನ ಫ್ರಿಜ್‌ನಲ್ಲಿ ಇದರ ಕೆಳಗೇ ತರಕಾರಿ ಡಬ್ಬ ಇರುತ್ತದೆ. ಮಾಂಸದಿಂದ ಇಳಿಯುವ ಕೆಂಪು ನೀರು ಹಸಿಯಾಗಿ ತಿನ್ನುವ ಸೌತೆಕಾಯಿ, ಕೊತ್ತಂಬರಿ ಸೊಪ್ಪಿನ ಮೇಲೆ ಬಿದ್ದರೆ ರೋಗಾಣುಗಳು ನೇರವಾಗಿ ಊಟಕ್ಕೆ ಸೇರುತ್ತವೆ. ಇನ್ನು ಫ್ರೀಜರ್‌ನ ಕೆಳಗೇ ಇರುವ ಚಿಲ್ಲರ್ ಟ್ರೇ ಉಳಿದ ಭಾಗಕ್ಕಿಂತ ತಂಪಾಗಿರುವುದರಿಂದ ಅಲ್ಲಿಟ್ಟ ಮಾಂಸ ಪಟ್ಟಿಯ ಅವಧಿಯಲ್ಲಿ ಕರಗುವುದಿಲ್ಲ.

ಬೇಗ ಕರಗಲಿ ಎಂದು ಡಿಫ್ರಾಸ್ಟ್ ಗುಂಡಿಯನ್ನು ಒತ್ತುವುದು ತಪ್ಪು. ಅದು ಫ್ರೀಜರ್‌ನಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ತೆಗೆಯಲು ಇರುವ ಗುಂಡಿ. ಒತ್ತಿದಾಗ ಕಂಪ್ರೆಸರ್ ನಿಂತು, ಫ್ರಿಜ್‌ನಲ್ಲಿರುವ ಹಾಲು, ಮೊಟ್ಟೆ ಸಹಿತ ಎಲ್ಲವೂ ಬಿಸಿಯೇರುತ್ತವೆ.

ಒಂದು ಉದಾಹರಣೆ

ಭಾನುವಾರ ಮಧ್ಯಾಹ್ನ 1 ಗಂಟೆಗೆ ನೆಂಟರಿಗೆ ಊಟ ಎಂದುಕೊಳ್ಳಿ. ಫ್ರೀಜರ್‌ನಲ್ಲಿ 3 ಕಿಲೋ ಕುರಿಯ ತೊಡೆ, ಒಂದೂವರೆ ಕಿಲೋ ಇಡೀ ಕೋಳಿ ಮತ್ತು ಅರ್ಧ ಕಿಲೋ ಕೈಮಾ ಇವೆ. ಒಲೆ ಹಚ್ಚುವುದು 10 ಗಂಟೆಗೆ. ಅದಕ್ಕೂ ಮೊದಲು ಎರಡು ಗಂಟೆ ಮಸಾಲೆ ಸವರಿ ಫ್ರಿಜ್‌ನಲ್ಲಿಯೇ ಇಡಬೇಕು. ಹಾಗಾದರೆ ಮಾಂಸ ಭಾನುವಾರ ಬೆಳಿಗ್ಗೆ 8ಕ್ಕೆ ಕರಗಿ ಸಿದ್ಧವಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ.

ತೊಡೆಗೆ 3 ಕಿಲೋ ಲೆಕ್ಕದಲ್ಲಿ 36 ಗಂಟೆ ಬೇಕು. ಮೂಳೆಯ ಸುತ್ತಲಿನ ಮಾಂಸ ಕೊನೆಗೆ ಕರಗುವುದರಿಂದ 12 ಗಂಟೆ ಹೆಚ್ಚಿಗೆ ಹಿಡಿದು, ಶುಕ್ರವಾರ ಬೆಳಿಗ್ಗೆ 8ಕ್ಕೇ ಕೆಳಗಿಳಿಸಬೇಕು. ಕೋಳಿಯನ್ನು ಶುಕ್ರವಾರ ರಾತ್ರಿ 8ಕ್ಕೆ ಇಳಿಸಿದರೆ 36 ಗಂಟೆ ದೊರೆಯುತ್ತದೆ. ಕೈಮಾವನ್ನು ಶನಿವಾರ ಬೆಳಿಗ್ಗೆ 8ಕ್ಕೆ ಇಳಿಸಿದರೆ ಸಾಕು. ಮೂರನ್ನೂ ಒಟ್ಟಿಗೆ ಇಳಿಸುವುದು ಸುಲಭವೆನಿಸಿದರೂ ಕೈಮಾ ಮೊದಲೇ ಕರಗಿ ತನ್ನ ಅಲ್ಪ ಬಾಳಿಕೆಯನ್ನು ಕಾಯುವುದರಲ್ಲಿಯೇ ಕಳೆದುಕೊಳ್ಳುತ್ತದೆ.

ಶನಿವಾರ ರಾತ್ರಿ ಒಮ್ಮೆ ಪರೀಕ್ಷಿಸಿ. ತೊಡೆಯ ಅತಿ ದಪ್ಪ ಭಾಗದಲ್ಲಿ ಸ್ವಚ್ಛವಾದ ಚೂಪು ಚಾಕುವಿನ ತುದಿ ಮೂಳೆಯ ತನಕ ತಡೆಯಿಲ್ಲದೆ ಇಳಿದರೆ ಕರಗಿದೆ ಎಂದರ್ಥ. ಕರಕರ ಎಂದು ಹರಳು ತಗುಲಿದರೆ ಒಳಗೆ ಹೆಪ್ಪು ಉಳಿದಿದೆ. ಕೋಳಿಯ ಕಾಲಿನ ಕೀಲು ಸರಾಗವಾಗಿ ಮಡಚಬೇಕು, ಹೊಟ್ಟೆಯೊಳಗೆ ಬೆರಳಿಟ್ಟರೆ ಮಂಜಿನ ಹರಳು ಸಿಗಬಾರದು. ಬಳಿಕ ಕೈ ಮತ್ತು ಚಾಕುವನ್ನು ಸೋಪಿನಿಂದ ತೊಳೆಯಿರಿ.

ಸಮಯಕ್ಕೆ ಕರಗದಿದ್ದರೆ

ಭಾನುವಾರ ಬೆಳಿಗ್ಗೆಯೂ ನಡುಭಾಗ ಗಟ್ಟಿಯಾಗಿದ್ದರೆ ಬಿಸಿನೀರಿಗೆ ಹಾಕಬಾರದು, ಬಿಸಿಲಿಗೂ ಇಡಬಾರದು. ನೀರು ನುಗ್ಗದಂತೆ ಚೀಲವನ್ನು ಬಿಗಿಯಾಗಿ ಕಟ್ಟಿ, ತಣ್ಣೀರಿನಲ್ಲಿ ಮುಳುಗಿಸಿ, ಪ್ರತಿ 30 ನಿಮಿಷಕ್ಕೆ ನೀರನ್ನು ಬದಲಾಯಿಸಬೇಕು. ಪೂರ್ತಿ ಹೆಪ್ಪುಗಟ್ಟಿದ ಮಾಂಸಕ್ಕೆ ಅರ್ಧ ಕಿಲೋಗೆ ಸುಮಾರು ಅರ್ಧ ಗಂಟೆಯಂತೆ ಹಿಡಿಯುತ್ತದೆ. ಅರೆ ಕರಗಿದ್ದಕ್ಕೆ ಇದಕ್ಕಿಂತ ಕಡಿಮೆ ಸಾಕು. ಬೇಸಿಗೆಯಲ್ಲಿ ತೊಟ್ಟಿಯ ನೀರೇ ಬೆಚ್ಚಗಿರುವುದರಿಂದ ಫ್ರಿಜ್‌ನ ನೀರನ್ನು ಬಳಸಬೇಕು. ಹೀಗೆ ಕರಗಿಸಿದ ಮಾಂಸವನ್ನು ಕೂಡಲೇ ಬೇಯಿಸಬೇಕು. ಮಸಾಲೆ ಸವರಿ ಕಾಯಿಸುವಂತಿಲ್ಲ, ಹಸಿಯಾಗಿ ಮತ್ತೆ ಫ್ರೀಜರ್‌ಗೆ ಹಾಕುವಂತೆಯೂ ಇಲ್ಲ. ತುಂಡು ಮಾಂಸವಾದರೆ ಹೆಪ್ಪುಗಟ್ಟಿದಂತೆಯೇ ಒಲೆಗೇರಿಸಬಹುದು. ಬೇಯುವ ಸಮಯ ಮಾಮೂಲಿಗಿಂತ ಸುಮಾರು ಒಂದೂವರೆ ಪಟ್ಟು ಆಗುತ್ತದೆ.

ಕರಗಿದ ನಂತರದ ಬಾಳಿಕೆ

ಫ್ರಿಜ್‌ನಲ್ಲಿ ಪೂರ್ತಿ ಕರಗಿದ ಕೋಳಿ, ಮೀನು ಮತ್ತು ಕೈಮಾವನ್ನು 1ರಿಂದ 2 ದಿನಗಳೊಳಗೆ ಬೇಯಿಸಬೇಕು. ಕುರಿ, ಮೇಕೆ, ಹಂದಿ ಮಾಂಸದ ದೊಡ್ಡ ತುಂಡುಗಳು 3ರಿಂದ 5 ದಿನ ಉಳಿಯುತ್ತವೆ. ಕೈಮಾ ಬೇಗ ಕೆಡಲು ಕಾರಣ, ಕೊಚ್ಚುವಾಗ ಮೇಲ್ಮೈಯ ರೋಗಾಣುಗಳು ಒಳಗೆಲ್ಲ ಬೆರೆಯುವುದು. ನೆಂಟರು ಬಾರದೆ ಹೋದರೆ, ಈ ಅವಧಿಯೊಳಗೆ ಫ್ರಿಜ್‌ನಲ್ಲಿಯೇ ಇದ್ದ ಮಾಂಸವನ್ನು ಬೇಯಿಸದೆಯೂ ಮತ್ತೆ ಫ್ರೀಜರ್‌ಗೆ ಹಾಕಬಹುದು. ರಸ ಸೋರಿ ಮಾಂಸ ಸ್ವಲ್ಪ ನಾರುನಾರಾಗುತ್ತದೆಯೇ ಹೊರತು ಅಪಾಯವಿಲ್ಲ. ಹೊರಗೆ ಎರಡು ಗಂಟೆ ಮೀರಿ ಇದ್ದ ಮಾಂಸಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ವಿದ್ಯುತ್ ಕಡಿತವಾದಾಗ

ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪನ್ನು ಹಿಡಿದಿಡುತ್ತದೆ. ಕಡಿತ ಅದನ್ನು ಮೀರಿದರೆ, ವಿದ್ಯುತ್ ಬಂದೊಡನೆ ಮಾಂಸದ ನಡುಭಾಗವನ್ನು ಮುಟ್ಟಿ ತೀರ್ಮಾನಿಸಬಾರದು. ಮೊದಲು ಕರಗಿರುವುದು ಮೇಲ್ಪದರ, ಆದ್ದರಿಂದ ನೋಡಬೇಕಾದುದೂ ಅದನ್ನೇ. ಉಷ್ಣಮಾಪಕವನ್ನು ಮೇಲ್ಪದರಕ್ಕೆ ತಾಗಿಸಿದಾಗ 4 ಡಿಗ್ರಿ ಅಥವಾ ಕಡಿಮೆ ತೋರಿದರೆ ಮಾಂಸವನ್ನು ಉಳಿಸಿಕೊಳ್ಳಬಹುದು. 4 ಡಿಗ್ರಿಗಿಂತ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದಿತೆಂದು ತಿಳಿದುಬಂದರೆ, ವಾಸನೆ ಚೆನ್ನಾಗಿದ್ದರೂ ಅದನ್ನು ಬಳಸಬಾರದು. ವಿದ್ಯುತ್ ಕಡಿತದ ವೇಳಾಪಟ್ಟಿ ತಿಳಿದಿರುವ ಊರುಗಳಲ್ಲಿ, ದೀರ್ಘ ಕಡಿತವಿರುವ ದಿನ ದೊಡ್ಡ ಗಡ್ಡೆಯನ್ನು ಕೆಳಗಿಳಿಸದೆ ಚಪ್ಪಟೆ ಪೊಟ್ಟಣಗಳನ್ನೇ ಬಳಸುವುದು ಸೂಕ್ತ.